ಸರಾಸರಿ ಆದಾಯ 35 ಸಾವಿರ, ಆದರೆ ಹನ್ನೊಂದರಲ್ಲಿ ಹತ್ತು ಮನೆಗೆ ಅಷ್ಟು ಬರುವುದೇ ಇಲ್ಲ! ಇದು ಹೇಗೆ?

ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆಯ ನಂತರದ ಸ್ಥಾನ ದಕ್ಷಿಣ ಕನ್ನಡಕ್ಕೆ. ಇತ್ತೀಚಿನ ವರ್ಷಗಳ ರಾಜ್ಯ ಆರ್ಥಿಕ ಸಮೀಕ್ಷೆಗಳಲ್ಲಿ ಇದು ಇದ್ದದ್ದೇ. ಆದರೆ ಇದೇ ಮಾತು ವಾಟ್ಸಾಪ್‌ಗೆ ಬರುವಾಗ ‘ಅಂದರೆ ನಮ್ಮ ಜಿಲ್ಲೆಯ ಸಾಮಾನ್ಯ ಮನೆಗೂ ಇಷ್ಟು ಆದಾಯ ಇದೆ’ ಎಂದು ಬಾಲ ಬೆಳೆಸಿಕೊಂಡರೆ, ಅದು ತಪ್ಪು. ಸಮೀಕ್ಷೆ ಹೇಳುವುದು ಸರಾಸರಿಯನ್ನು. ಸಾಮಾನ್ಯ ಮನೆಯ ಸ್ಥಿತಿ ತಿಳಿಯಲು ಬೇಕಾದದ್ದು ಮಧ್ಯಾಂಕ, ಅಂದರೆ ಮೀಡಿಯನ್.

ಡಿಗ್ರಿ ತರಗತಿಗಳಲ್ಲಿ ಕೊಡುವ ಅಂಕಿಅಂಶದ ಅಸೈನ್‌ಮೆಂಟ್‌ನಲ್ಲೂ ಇದೇ ಪ್ರಶ್ನೆ ಎದುರಾಗುತ್ತದೆ: ಮನೆಗಳ ಆದಾಯ ಕೇಳಿಕೊಂಡು ಬಂದಾಯಿತು, ವರದಿಯಲ್ಲಿ ಯಾವುದನ್ನು ಬರೆಯುವುದು? ಒಂದು ಲೆಕ್ಕ ಮಾಡಿಯೇ ನೋಡೋಣ.

ಹನ್ನೊಂದು ಮನೆಗಳ ಲೆಕ್ಕ

ಬಂಟ್ವಾಳದ ಒಂದು ಹಳ್ಳಿಯಲ್ಲಿ ಹನ್ನೊಂದು ಮನೆಗಳ ತಿಂಗಳ ಆದಾಯ ಕೇಳಿದ್ದೀರಿ ಎಂದುಕೊಳ್ಳಿ. ಬೀಡಿ ಕಟ್ಟುವವರು, ಕೂಲಿಗೆ ಹೋಗುವವರು, ಸಣ್ಣ ಅಡಿಕೆ ತೋಟದವರು ಇದ್ದಾರೆ. ಒಂದು ಮನೆಯ ಮಗ ಗಲ್ಫ್‌ನಲ್ಲಿ ಎಂಜಿನಿಯರ್. ಇದು ವಿವರಣೆಗಾಗಿ ನಾವೇ ಮಾಡಿಕೊಂಡ ಪಟ್ಟಿ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ಹೀಗೆ ಬರುತ್ತದೆ:

8,000, 10,000, 11,000, 12,000, 14,000, 15,000, 18,000, 20,000, 25,000, 32,000, 2,20,000.

ಒಟ್ಟು 3,85,000 ರೂಪಾಯಿ. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 35,000. ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಹತ್ತು ಮನೆಗಳ ಆದಾಯ ಈ ಸರಾಸರಿಗಿಂತ ಕಡಿಮೆ. ಸರಾಸರಿಯ ಹತ್ತಿರವೂ ಹೆಚ್ಚಿನವರಿಲ್ಲ.

ಮಧ್ಯಾಂಕ ಎಂದರೆ ಸಾಲಿನ ನಡುವೆ ನಿಂತ ಮನೆ. ಹನ್ನೊಂದರಲ್ಲಿ ಆರನೆಯದು, ಅಂದರೆ 15,000. ಅದಕ್ಕಿಂತ ಕಡಿಮೆ ಇರುವ ಮನೆಗಳು ಐದು, ಹೆಚ್ಚಿರುವವು ಐದು. ಮನೆಗಳ ಸಂಖ್ಯೆ ಸಮಸಂಖ್ಯೆಯಾಗಿದ್ದರೆ ನಡುವಿನ ಎರಡರ ಸರಾಸರಿ ತೆಗೆಯಬೇಕು. ಮೊಬೈಲ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಎರಡಕ್ಕೂ ಒಂದೊಂದು ಸಾಲು ಸಾಕು:

```
=AVERAGE(B2:B12)
=MEDIAN(B2:B12)
```

ಎರಡರ ನಡುವೆ ಇಷ್ಟು ಅಂತರ ಏಕೆ?

ಸರಾಸರಿ ಪ್ರತಿ ರೂಪಾಯಿಯನ್ನೂ ಎಣಿಸುತ್ತದೆ, ಮಧ್ಯಾಂಕ ಮನೆಗಳನ್ನು ಎಣಿಸುತ್ತದೆ. ಗಲ್ಫ್ ಮನೆಯ ಆದಾಯ ದುಪ್ಪಟ್ಟಾಗಿ 4,40,000 ಆಯಿತು ಎನ್ನಿ. ಸರಾಸರಿ 55,000ಕ್ಕೆ ಹಾರುತ್ತದೆ. ಮಧ್ಯಾಂಕ 15,000ದಲ್ಲೇ ಇರುತ್ತದೆ, ಏಕೆಂದರೆ ಆ ಮನೆ ಮೊದಲೂ ಸಾಲಿನ ಕೊನೆಯಲ್ಲಿತ್ತು, ಈಗಲೂ ಅಲ್ಲೇ ಇದೆ. ಉಳಿದ ಹತ್ತು ಮನೆಗಳಿಗೆ ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ, ಆದರೂ ಸರಾಸರಿಯ ಪ್ರಕಾರ ‘ಊರು’ ಶ್ರೀಮಂತವಾಯಿತು!

ಆದಾಯ ಸೊನ್ನೆಗಿಂತ ಕೆಳಗೆ ಹೋಗುವುದು ಅಪರೂಪ, ಮೇಲಕ್ಕೆ ಮಾತ್ರ ಮಿತಿಯಿಲ್ಲ. ಹಾಗಾಗಿ ಗ್ರಾಫ್ ಬರೆದರೆ ಹೆಚ್ಚಿನ ಮನೆಗಳು ಎಡಗಡೆ ಗುಂಪಾಗಿ, ಬಲಗಡೆಗೆ ಉದ್ದನೆಯ ಬಾಲ ಕಾಣುತ್ತದೆ. ಇದಕ್ಕೆ ಓರೆ ಹಂಚಿಕೆ ಎನ್ನುತ್ತಾರೆ. ಸರಾಸರಿ ಮಧ್ಯಾಂಕಕ್ಕಿಂತ ತುಂಬ ಹೆಚ್ಚಿದ್ದರೆ ಅದು ಈ ಬಾಲದ ಸುಳಿವು. ಇನ್ನೊಂದು ಸುಳಿವು ಮಾನಕ ವಿಚಲನೆ. ನಮ್ಮ ಪಟ್ಟಿಯಲ್ಲಿ ಅದು ಸುಮಾರು 62,000. ‘35,000ಕ್ಕಿಂತ 62,000 ಆಚೀಚೆ’ ಎಂದು ಬರೆದರೆ ಕೆಳಗಿನ ತುದಿ ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ಅಂತಹ ಉತ್ತರ ಬಂದರೆ ಸರಾಸರಿ ಈ ಪಟ್ಟಿಗೆ ಹೊಂದುವುದಿಲ್ಲ ಎಂದರ್ಥ.

ಆ ಒಂದು ಮನೆಯನ್ನು ಬಿಟ್ಟುಬಿಡಬಹುದೇ?

ಬಿಟ್ಟರೆ ಸರಾಸರಿ 35,000ದಿಂದ 16,500ಕ್ಕೆ ಕುಸಿಯುತ್ತದೆ, ಮಧ್ಯಾಂಕ 14,500 ಆಗುತ್ತದೆ. ಲೆಕ್ಕ ಚೆಂದ ಕಾಣುತ್ತದೆ ನಿಜ, ಆದರೆ ಆ ಮನೆಯೂ ಊರಿನದ್ದೇ. ಆದಾಯ ಹೆಚ್ಚು ಎಂಬ ಒಂದೇ ಕಾರಣಕ್ಕೆ ಅಳಿಸುವಂತಿಲ್ಲ. ಅಳಿಸುವ ಬದಲು ಆ ಅಂಕಿ ಸರಿಯೇ ಎಂದು ಪರಿಶೀಲಿಸಿ. ಒಂದು ಸೊನ್ನೆ ಹೆಚ್ಚು ಬಿದ್ದಿರಬಹುದು, ವರ್ಷದ ಆದಾಯವನ್ನು ತಿಂಗಳದ್ದೆಂದು ಬರೆದಿರಬಹುದು.

ಕರಾವಳಿಯಲ್ಲಿ ಎರಡನೆಯ ತಪ್ಪಿಗೆ ಅವಕಾಶ ಹೆಚ್ಚು. ಬೀಡಿಯ ಮಜೂರಿಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ, ಸಂಬಳದವರು ತಿಂಗಳ ಲೆಕ್ಕದಲ್ಲಿ, ಅಡಿಕೆಯವರು ವರ್ಷದ ಲೆಕ್ಕದಲ್ಲಿ. ಎಲ್ಲವನ್ನೂ ಒಂದೇ ಅವಧಿಗೆ ತನ್ನಿ. ವಾರಕ್ಕೆ 1,500 ಎಂದರೆ ನಾಲ್ಕರಿಂದ ಗುಣಿಸಿ 6,000 ಎನ್ನಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿದರೆ 6,500 ಬರುತ್ತದೆ. ಅಡಿಕೆ ಮಾರಿದ ಹಣವೂ ಪೂರ್ತಿ ಆದಾಯವಲ್ಲ. ಗೊಬ್ಬರ, ಕೊಳೆರೋಗಕ್ಕೆ ಮದ್ದು ಬಿಟ್ಟ ಖರ್ಚು, ಕೊಯ್ಲಿನ ಕೂಲಿ ಕಳೆದು ಉಳಿದದ್ದು ಮಾತ್ರ ಆದಾಯ.

ಮೂರು ತಾಲೂಕು ಸೇರಿಸುವಾಗ ಎಚ್ಚರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಸರ್ವೆ ಮಾಡಿದ್ದರೆ ಮೂರು ಮಧ್ಯಾಂಕಗಳನ್ನು ಕೂಡಿಸಿ ಮೂರರಿಂದ ಭಾಗಿಸಬೇಡಿ. ತಲಾ ಮೂರು ಮನೆಗಳ ಚಿಕ್ಕ ಉದಾಹರಣೆ ನೋಡಿ, ಇದೂ ಕಾಲ್ಪನಿಕವೇ. ಅಂಕಿಗಳು ಸಾವಿರ ರೂಪಾಯಿಗಳಲ್ಲಿವೆ. ಬಂಟ್ವಾಳ: 10, 12, 40. ಬೆಳ್ತಂಗಡಿ: 11, 13, 45. ಮೂಡುಬಿದಿರೆ: 16, 35, 38. ಮಧ್ಯಾಂಕಗಳು 12, 13, 35. ಅವುಗಳ ಸರಾಸರಿ 20. ಆದರೆ ಒಂಬತ್ತೂ ಮನೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಐದನೆಯದು 16. ಸರಿಯಾದ ಉತ್ತರ ಇದೇ. ಹಾಗಾಗಿ ಮೂಲ ಪಟ್ಟಿಗಳನ್ನೇ ಒಟ್ಟು ಸೇರಿಸಿ, ಹೊಸದಾಗಿ ಮಧ್ಯಾಂಕ ಹುಡುಕಬೇಕು.

ಹಾಗಾದರೆ ಸರಾಸರಿ ಬೇಡವೇ?

ಬೇಕು, ಒಟ್ಟು ಮೊತ್ತ ಮುಖ್ಯವಾದಾಗ. ಹನ್ನೊಂದು ಮನೆಗಳಿಗೆ ಒಟ್ಟು ಎಷ್ಟು ಹಣ ಬರುತ್ತದೆ ಎಂದು ಕೇಳಿದರೆ 35,000 ಗುಣಿಸು 11, ಅಂದರೆ 3,85,000 ಎಂದು ಸರಾಸರಿ ಸರಿಯಾಗಿ ಹೇಳುತ್ತದೆ. ಮಧ್ಯಾಂಕದಿಂದ ಗುಣಿಸಿದರೆ 1,65,000 ಬಂದು ಅರ್ಧಕ್ಕಿಂತ ಹೆಚ್ಚು ಹಣ ಕಾಣೆಯಾಗುತ್ತದೆ. ‘ಇಲ್ಲಿನ ಸಾಮಾನ್ಯ ಮನೆಯ ಆದಾಯ ಎಷ್ಟು?’ ಎಂಬ ಪ್ರಶ್ನೆಗೆ ಮಾತ್ರ ಮಧ್ಯಾಂಕವೇ ಉತ್ತರ.

ವರದಿಯಲ್ಲಿ ಹೀಗೆ ಬರೆಯಬಹುದು: ‘ಹನ್ನೊಂದು ಮನೆಗಳ ತಿಂಗಳ ಆದಾಯದ ಮಧ್ಯಾಂಕ 15,000 ರೂಪಾಯಿ. ನಡುವಿನ ಅರ್ಧದಷ್ಟು ಮನೆಗಳು 11,000ದಿಂದ 25,000ದ ಒಳಗಿವೆ. ಒಂದು ಮನೆಯ ಆದಾಯ 2,20,000 ಇರುವುದರಿಂದ ಸರಾಸರಿ 35,000ಕ್ಕೆ ಏರಿದೆ.’ ಈ ಮೂರು ವಾಕ್ಯ ಓದಿದವರಿಗೆ ಊರಿನ ಚಿತ್ರ ಸಿಗುತ್ತದೆ. ‘ಸರಾಸರಿ 35,000’ ಎಂದಷ್ಟೇ ಬರೆದರೆ, ಈ ಊರಿನ ಮಕ್ಕಳಿಗೆ ವಿದ್ಯಾರ್ಥಿವೇತನದ ಅಗತ್ಯವಿಲ್ಲ ಎಂದು ಯಾರಾದರೂ ತೀರ್ಮಾನಿಸಿಬಿಡಬಹುದು.

ಮತ್ತೆ ಆ ಫಾರ್ವರ್ಡ್‌ಗೆ ಬಂದರೆ

ಜಿಲ್ಲೆಯ ತಲಾ ಆದಾಯ ಎಂದರೆ ಮನೆ ಮನೆಗೆ ಹೋಗಿ ಕೇಳಿ ತೆಗೆದ ಲೆಕ್ಕವಲ್ಲ. ಜಿಲ್ಲೆಯಲ್ಲಿ ಒಂದು ವರ್ಷದಲ್ಲಿ ಆದ ನಿವ್ವಳ ಉತ್ಪಾದನೆಯ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ನವ ಮಂಗಳೂರು ಬಂದರಿನಂತಹ ದೊಡ್ಡ ಉದ್ಯಮಗಳ ಪಾಲೂ ಅದರಲ್ಲಿ ಸೇರುತ್ತದೆ. ಬೆಳ್ತಂಗಡಿಯಲ್ಲಿ ಬೀಡಿ ಕಟ್ಟುವ ಮಹಿಳೆಯ ಹೆಸರಿಗೂ ಅದು ಸಮನಾಗಿ ಹಂಚಿಹೋಗುತ್ತದೆ, ಕಾಗದದ ಮೇಲೆ ಮಾತ್ರ.

ತೀರ್ಪು: ದಕ್ಷಿಣ ಕನ್ನಡದ ತಲಾ ಆದಾಯ ಹೆಚ್ಚು ಎಂಬುದು ನಿಜ. ಅದೇ ಇಲ್ಲಿನ ಸಾಮಾನ್ಯ ಮನೆಯ ಆದಾಯ ಎಂಬುದು ದಾರಿ ತಪ್ಪಿಸುವ ಮಾತು. ಮುಂದಿನ ಸಲ ‘ಸರಾಸರಿ ಆದಾಯ’ ಎಂಬ ಸಂದೇಶ ಬಂದಾಗ, ಕಳುಹಿಸಿದವರನ್ನು ಒಂದೇ ಮಾತು ಕೇಳಿ: ಮಧ್ಯಾಂಕ ಎಷ್ಟು?