ಒಂದು ಎರಡಕ್ಕೆ ಸಮವಾಗುವುದು ಯಾವ ಸಾಲಿನಲ್ಲಿ?

1 = 2 ಎಂದು ‘ಸಾಧಿಸಿ ತೋರಿಸುವ’ ಲೆಕ್ಕಗಳಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದದ್ದು ಏಳು ಸಾಲಿನದು. ಹೈಸ್ಕೂಲಿನ ಬೀಜಗಣಿತ ಅಲ್ಪಸ್ವಲ್ಪ ನೆನಪಿದ್ದವರೂ ಅದರ ಹಿಂದೆ ಹೋಗಬಹುದು. a ಮತ್ತು b ಎಂಬ ಎರಡು ಸಂಖ್ಯೆಗಳು ಸಮ, ಎರಡೂ ಸೊನ್ನೆಯಲ್ಲ ಎಂಬ ಮಾತಿನಿಂದ ಅದು ಶುರುವಾಗುತ್ತದೆ.

```
1)  a = b
2)  a² = ab
3)  a² − b² = ab − b²
4)  (a + b)(a − b) = b(a − b)
5)  a + b = b
6)  2b = b
7)  2 = 1
```

ಮೊದಲ ಸಾಲಿನ ಎರಡೂ ಕಡೆಯನ್ನು a ಇಂದ ಗುಣಿಸಿದರೆ ಎರಡನೆಯ ಸಾಲು. ಎರಡೂ ಕಡೆಯಿಂದ b² ಕಳೆದರೆ ಮೂರನೆಯದು. ಎಡಗಡೆಯನ್ನು ವರ್ಗಗಳ ವ್ಯತ್ಯಾಸದ ಸೂತ್ರದಿಂದ ಬಿಡಿಸಿ, ಬಲಗಡೆಯಲ್ಲಿ b ಹೊರತೆಗೆದರೆ ನಾಲ್ಕನೆಯದು. ಅಲ್ಲಿ ಎರಡೂ ಕಡೆ (a − b) ಇದೆ, ಅದನ್ನು ಹೊಡೆದುಹಾಕಿದರೆ ಐದನೆಯದು. a ಮತ್ತು b ಒಂದೇ ಆದ್ದರಿಂದ a ಇದ್ದಲ್ಲಿ b ಬರೆದರೆ ಆರನೆಯದು, b ಇಂದ ಭಾಗಿಸಿದರೆ ಕೊನೆಯದು. ಓದುತ್ತ ಹೋಗುವಾಗ ಎಲ್ಲೂ ತಡೆಯುವುದಿಲ್ಲ. ಆದರೂ ಬಂದ ಉತ್ತರ ಅಸಂಬದ್ಧ.

ತಪ್ಪು ಎಲ್ಲಿದೆ ಎಂದು ತಲೆ ಕೆರೆದುಕೊಳ್ಳುವ ಬದಲು ಅಕ್ಷರಗಳ ಜಾಗದಲ್ಲಿ ಅಂಕಿ ಹಾಕಿ ನೋಡುವುದು ಸುಲಭದ ದಾರಿ. ಮೊದಲ ಸಾಲಿಗೆ ಒಪ್ಪುವಂತೆ a ಮತ್ತು b ಎರಡನ್ನೂ 3 ಎಂದಿಟ್ಟುಕೊಳ್ಳೋಣ. ಮೊದಲ ಸಾಲು 3 = 3, ಎರಡನೆಯದು 9 = 9, ಮೂರನೆಯದು 0 = 0. ನಾಲ್ಕನೆಯದು 6 × 0 = 3 × 0, ಅಂದರೆ ಅದೂ 0 = 0; ಇಲ್ಲಿಯವರೆಗೆ ಎಲ್ಲವೂ ನಿಜ. ಐದನೆಯ ಸಾಲು ಮಾತ್ರ 6 = 3 ಎನ್ನುತ್ತದೆ. ನಿಜವಾದ ಸಾಲಿನಿಂದ ಸುಳ್ಳು ಸಾಲು ಹುಟ್ಟಿದ್ದು ನಾಲ್ಕು ಮತ್ತು ಐದರ ನಡುವೆ ಎಂದಾಯಿತು. ಅಲ್ಲಿ ನಡೆದದ್ದು ಒಂದೇ ಕೆಲಸ: (a − b) ಹೊಡೆದುಹಾಕಿದ್ದು. ಹೊಡೆದುಹಾಕುವುದೆಂದರೆ ಎರಡೂ ಕಡೆಯನ್ನು ಅದರಿಂದ ಭಾಗಿಸುವುದೇ. a ಮತ್ತು b ಸಮ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿರುವುದರಿಂದ (a − b) ಸೊನ್ನೆ. ಎರಡು ಅಕ್ಷರಗಳ ಮುಸುಕು ಹೊದ್ದು ಸೊನ್ನೆ ಆವರಣದೊಳಗೆ ಕೂತಿತ್ತು, ಅಷ್ಟೆ.

ಈ ಪರೀಕ್ಷೆಗೂ ಒಂದೆರಡು ಎಚ್ಚರಿಕೆ ಬೇಕು. ಹಾಕುವ ಅಂಕಿಗಳು ಮೊದಲ ಸಾಲಿಗೆ ಹೊಂದಲೇಬೇಕು. a ಗೆ 2, b ಗೆ 5 ಎಂದಿಟ್ಟರೆ ಮೊದಲ ಸಾಲೇ ಸುಳ್ಳಾಗಿ, ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಎರಡನ್ನೂ ಸೊನ್ನೆ ಎಂದಿಟ್ಟರೆ ಇನ್ನೊಂದು ತಮಾಷೆ: ಆರನೆಯ ಸಾಲಿನವರೆಗೂ ಎಲ್ಲವೂ 0 = 0 ಎಂದು ನಿಜವಾಗುತ್ತ ಬಂದು, ಕೊನೆಯ ಸಾಲಿನಲ್ಲಿ ಮಾತ್ರ ಎಡವುತ್ತದೆ. ಯಾಕೆಂದರೆ ಈ ಲೆಕ್ಕದಲ್ಲಿ ಭಾಗಾಕಾರ ಒಂದಲ್ಲ, ಎರಡು. ಎರಡನೆಯದು b ಇಂದ ಮಾಡಿದ್ದು. ‘ಸೊನ್ನೆಯಲ್ಲದ ಸಂಖ್ಯೆಗಳು’ ಎಂಬ ಷರತ್ತನ್ನು ಆರಂಭದಲ್ಲೇ ಹಾಕುವುದು ಆ ಎರಡನೆಯ ಭಾಗಾಕಾರವನ್ನು ಕಾಪಾಡುವುದಕ್ಕೆ. ಮೊದಲನೆಯದನ್ನು ಕಾಪಾಡುವ ಷರತ್ತು ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ.

ಸೊನ್ನೆಯಿಂದ ಭಾಗಿಸಬಾರದೇಕೆ? ಭಾಗಾಕಾರವೆಂದರೆ ಗುಣಾಕಾರವನ್ನು ಹಿಂದಕ್ಕೆ ತಿರುಗಿಸುವುದು. 6ನ್ನು 4ರಿಂದ ಗುಣಿಸಿದರೆ 24. 24ನ್ನು 4ರಿಂದ ಭಾಗಿಸಿದರೆ ಹೊರಟ 6 ಮರಳಿ ಸಿಗುತ್ತದೆ, ಬೇರೆ ಯಾವುದೂ ಸಿಗದು. ಆದರೆ 6ನ್ನು ಸೊನ್ನೆಯಿಂದ ಗುಣಿಸಿದರೂ 3ನ್ನು ಗುಣಿಸಿದರೂ ಬರುವುದು ಸೊನ್ನೆಯೇ. ಆ ಸೊನ್ನೆಯನ್ನು ನೋಡಿ ಹೊರಟ ಸಂಖ್ಯೆ ಯಾವುದೆಂದು ಹೇಳುವಂತಿಲ್ಲ, ಗುರುತು ಅಳಿಸಿಹೋಗಿರುತ್ತದೆ. 6 × 0 = 3 × 0 ಎಂಬ ಮಾತು ನಿಜವೇ, ಅದರಿಂದ 6 ಮತ್ತು 3 ಸಮ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ.

ಈ ಜಾಗದಲ್ಲಿ ದೊಡ್ಡವರೂ ಎಡವಿದ್ದಾರೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದ. ಹಾಗಾದರೆ 5 ÷ 0 = 5 ಆಗಬೇಕು; ತಾಳೆ ನೋಡಲು 5ನ್ನು ಸೊನ್ನೆಯಿಂದ ಗುಣಿಸಿದರೆ 5 ಬರಬೇಕು, ಬರುವುದು ಸೊನ್ನೆ. 12ನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ ಮತ್ತೆ ಸೊನ್ನೆಯಿಂದ ಭಾಗಿಸಿದರೆ ಅದು ಮೊದಲಿನಂತೆಯೇ ಇರುತ್ತದೆ ಎಂಬ ನಿಯಮವಿದೆ. ಮೇಲಿನ ಲೆಕ್ಕದ ನಾಲ್ಕನೆಯ ಸಾಲಿಗೆ ಆ ನಿಯಮ ಹಚ್ಚಿದರೆ 6 = 3 ತಾನಾಗಿ ಬಂದುಬಿಡುತ್ತದೆ.

(a − b) ಕಣ್ಣಿಗೆ ಬೀಳುವ ಸೊನ್ನೆ. ಇನ್ನೊಂದು ಹಳೆಯ ಒಗಟಿನಲ್ಲಿ ಅದು ಇನ್ನಷ್ಟು ಆಳಕ್ಕೆ ಇಳಿದಿದೆ. ಕೊಟ್ಟ ಸಮೀಕರಣ ಇದು:

```
(x + 5)/(x − 7) − 5 = (4x − 40)/(13 − x)
```

ಎಡಗಡೆಯನ್ನು ಒಂದೇ ಛೇದಕ್ಕೆ ತಂದರೆ ಅಂಶ x + 5 − 5x + 35, ಅಂದರೆ 40 − 4x. ಅಂಶ ಮತ್ತು ಛೇದ ಎರಡರ ಚಿಹ್ನೆಯನ್ನೂ ಬದಲಿಸಿದರೆ ಹೀಗಾಗುತ್ತದೆ:

```
(4x − 40)/(7 − x) = (4x − 40)/(13 − x)
```

ಎರಡು ಭಿನ್ನರಾಶಿಗಳು ಸಮ, ಅವುಗಳ ಅಂಶಗಳೂ ಒಂದೇ. ಆದ್ದರಿಂದ ಛೇದಗಳೂ ಸಮ ಎನ್ನುತ್ತದೆ ಒಗಟು. 7 − x = 13 − x, ಅಂದರೆ 7 = 13. ಇಲ್ಲಿ ಯಾರೂ ಏನನ್ನೂ ಹೊಡೆದುಹಾಕಿದಂತೆ ಕಾಣುವುದಿಲ್ಲ. ಛೇದಗಳನ್ನು ಪರೀಕ್ಷಿಸಿದರೂ ಅವು ಸೊನ್ನೆಯಲ್ಲ. ಆದರೆ ‘ಅಂಶ ಒಂದೇ ಆದರೆ ಛೇದವೂ ಒಂದೇ’ ಎಂಬ ತೀರ್ಮಾನವೇ ಭಾಗಾಕಾರದ ಮಾರುವೇಷ: ಅಡ್ಡ ಗುಣಿಸಿ, ಎರಡೂ ಕಡೆ ಉಳಿದ (4x − 40) ಅನ್ನು ತೆಗೆದುಹಾಕಿದಾಗ ಮಾತ್ರ ಅದು ಸಿಗುತ್ತದೆ. ಈ ಸಮೀಕರಣಕ್ಕೆ ಇರುವ ಒಂದೇ ಉತ್ತರ x = 10. ಆಗ 4x − 40 ಸೊನ್ನೆ. 10 ಹಾಕಿ ನೋಡಿದರೆ ಎಡಗಡೆ 15/3 − 5, ಬಲಗಡೆ 0/3, ಎರಡೂ ಸೊನ್ನೆ. ಸೊನ್ನೆಯನ್ನು −3ರಿಂದ ಭಾಗಿಸಿದರೂ 3ರಿಂದ ಭಾಗಿಸಿದರೂ ಸೊನ್ನೆಯೇ ಆದ್ದರಿಂದ ಛೇದಗಳು ಸಮವಾಗಬೇಕಿಲ್ಲ. ಮೋಸದ ಲೆಕ್ಕಗಳಲ್ಲಿ ಇದು ಹೆಚ್ಚು ಜಾಣತನದ್ದು, ಛೇದದ ಮೇಲೆ ಮಾತ್ರ ಕಣ್ಣಿಡುವ ಅಭ್ಯಾಸವನ್ನೇ ಅದು ನಂಬಿಕೊಂಡಿದೆ.

1 = 2 ಬಂದಲ್ಲೆಲ್ಲ ಸೊನ್ನೆಯೇ ಅಪರಾಧಿ ಎನ್ನುವಂತಿಲ್ಲ. ಎರಡೂ ಕಡೆಯ ವರ್ಗಮೂಲ ತೆಗೆಯುವಾಗ ಋಣ ಚಿಹ್ನೆಯನ್ನು ಮರೆತರೂ ಇಂಥದೇ ಉತ್ತರ ಹುಟ್ಟುತ್ತದೆ. ಅಂಕಿ ಹಾಕುವ ಪರೀಕ್ಷೆ ಅಲ್ಲಿಯೂ ಸುಳ್ಳಾದ ಮೊದಲ ಸಾಲನ್ನು ತೋರಿಸುತ್ತದೆ, ಕಾರಣವನ್ನು ಮಾತ್ರ ಬೇರೆಡೆ ಹುಡುಕಬೇಕು.

ಮೊದಲ ಲೆಕ್ಕದ ನಾಲ್ಕನೆಯ ಸಾಲಿನಿಂದ ಸರಿಯಾಗಿ ಮುಂದೆ ಹೋಗುವುದಾದರೆ ಏನನ್ನೂ ಹೊಡೆದುಹಾಕದೆ, ಎಲ್ಲವನ್ನೂ ಒಂದೇ ಕಡೆಗೆ ತರಬೇಕು. ಆಗ a(a − b) = 0 ಎಂದು ಸಿಗುತ್ತದೆ; ಒಂದೋ a ಸೊನ್ನೆ, ಇಲ್ಲವೇ a ಮತ್ತು b ಸಮ. ಸಮ ಎಂಬುದು ಮೊದಲೇ ಗೊತ್ತಿದ್ದ ಸಂಗತಿ, ಹೊಸದೇನೂ ಹುಟ್ಟಲಿಲ್ಲ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಬೇಕಾದದ್ದೂ ಇದೇ ಕ್ರಮ. x² = 5x ಎಂಬ ಸಮೀಕರಣವನ್ನು x ಇಂದ ಭಾಗಿಸಿದವರಿಗೆ 5 ಒಂದೇ ಉತ್ತರ ಸಿಗುತ್ತದೆ; x(x − 5) = 0 ಎಂದು ಬರೆದವರಿಗೆ 0 ಮತ್ತು 5 ಎರಡೂ ಸಿಗುತ್ತವೆ.