ಬಿಸಿಯಾದಾಗ ಮಾತ್ರ ಕೈಕೊಡುವ ಗಾಡಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ತುಮಕೂರಿನಿಂದ ಶಿರಾಕ್ಕೆ ಹೊರಟಿದ್ದ ನನ್ನ ಹಳೆಯ 100 ಸಿಸಿ ಬೈಕು ಕಳ್ಳಂಬೆಳ್ಳದ ಹತ್ತಿರ ನಿಂತುಹೋಯಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಸದ್ದು ಕಡಿದುಹೋಯಿತು. ಇಪ್ಪತ್ತು ಸಲ ಕಿಕ್ ಹೊಡೆದರೂ ಉಸಿರಿಲ್ಲ. ಹುಣಸೆಮರದ ನೆರಳಿಗೆ ತಳ್ಳಿಕೊಂಡು ಹೋಗಿ, ಎಳನೀರು ಕುಡಿದು ಬಂದು ಸುಮ್ಮನೆ ಒಂದು ಕಿಕ್ ಹೊಡೆದೆ. ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಅರ್ಧ ಗಂಟೆ ಓಡಿ ಮತ್ತೆ ಅದೇ ಕಥೆ.

ಮೊದಲ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿ ಕಾರ್ಬೊರೇಟರ್ ತೊಳೆದರು. ಎರಡನೆಯ ಕಡೆ "ಸಾರ್, ಇದು ಸಿ.ಡಿ.ಐ. ಪ್ರಾಬ್ಲಮ್ಮೇ, ಅನುಮಾನವೇ ಬೇಡ" ಎಂದು ಹೊಸದನ್ನು ಹಾಕಿದರು. ಎರಡೂ ಸಲ ಅಂಗಡಿಯ ಮುಂದೆ ಗಾಡಿ ಸೊಗಸಾಗಿ ಓಡಿತು, ಹೆದ್ದಾರಿಯಲ್ಲಿ ನಿಂತಿತು. ರೋಗಿ ಡಾಕ್ಟರ ಮುಂದೆ ಕುಳಿತಾಗ ಜ್ವರ ಇಳಿದಿರುತ್ತದಲ್ಲ, ಹಾಗೆ. ಗ್ಯಾರೇಜಿಗೆ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತಿತ್ತು. ತಣ್ಣಗಾದರೆ ಈ ರೋಗವೇ ಇರುತ್ತಿರಲಿಲ್ಲ.

ರೋಗದ ಮೂಲ ತಿಳಿಯಲು ಪ್ಲಗ್ಗಿನ ತುದಿಗೆ ಕಿಡಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯಜ್ಡಿಗಳ ಕಾಲದಲ್ಲಿ ಈ ಕೆಲಸವನ್ನು 'ಪ್ಲಾಟಿನ' ಮಾಡುತ್ತಿತ್ತು. ಅದು ತೆರೆದು ಮುಚ್ಚುವ ಒಂದು ಜೋಡಿ ಲೋಹದ ಬಿಂದು. ಕಿಡಿ ಸೊರಗಿದರೆ ಮೇಸ್ತ್ರಿ ಅದನ್ನು ಮರಳುಕಾಗದದಲ್ಲಿ ಉಜ್ಜಿ, ಸಂದು ಸರಿಮಾಡಿ ಕಳಿಸುತ್ತಿದ್ದರು. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಬಂದ ಬೈಕುಗಳಲ್ಲಿ ಪ್ಲಾಟಿನದ ಜಾಗವನ್ನು ಎರಡು ಮುಚ್ಚಿದ ವಸ್ತುಗಳು ಹಂಚಿಕೊಂಡವು. ಒಂದು ಪಿಕಪ್ ಕಾಯಿಲ್, ಇನ್ನೊಂದು ಸಿ.ಡಿ.ಐ. ಡಬ್ಬಿ.

ಪಿಕಪ್ ಕಾಯಿಲನ್ನು ಕೆಲವರು ಪಲ್ಸರ್ ಕಾಯಿಲ್ ಎನ್ನುತ್ತಾರೆ. ಮ್ಯಾಗ್ನೆಟ್ ಕವರಿನ ಒಳಗೆ, ತಿರುಗುವ ಮ್ಯಾಗ್ನೆಟ್ಟಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪಕ್ಕೆ ಕೂತಿರುತ್ತದೆ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ರಾಳದಲ್ಲಿ ಮುಳುಗಿಸಿರುತ್ತಾರೆ. ಮ್ಯಾಗ್ನೆಟ್ಟಿನ ಮೈಮೇಲಿನ ಒಂದು ಉಬ್ಬು ಇದರೆದುರು, ಮಿಲಿಮೀಟರಿಗಿಂತ ಕಡಿಮೆ ಸಂದಿಯಲ್ಲಿ ಹಾದುಹೋದಾಗಲೆಲ್ಲ ತಂತಿಯಲ್ಲಿ ಕರೆಂಟಿನ ಒಂದು ಚಿಟುಕು ಹುಟ್ಟುತ್ತದೆ. 'ಈಗ!' ಎಂದು ಹೇಳುವುದಷ್ಟೇ ಅದರ ಕೆಲಸ.

ಆ ಮಾತನ್ನು ಕೇಳಿಸಿಕೊಳ್ಳುವುದು ಸಿ.ಡಿ.ಐ. ಅದರೊಳಗಿನ ಕೆಪಾಸಿಟರ್ ಮುಂಚೆಯೇ ಇನ್ನೂರು ಮುನ್ನೂರು ವೋಲ್ಟಿನಷ್ಟು ತುಂಬಿಕೊಂಡು ಕಾದಿರುತ್ತದೆ. ಪಿಕಪ್ಪಿನ ಸುಳಿವು ಸಿಕ್ಕ ಕೂಡಲೇ ಒಂದು ಎಲೆಕ್ಟ್ರಾನಿಕ್ ಬಾಗಿಲು ತೆರೆದು, ತುಂಬಿದ್ದೆಲ್ಲ ಒಂದೇಟಿಗೆ ಇಗ್ನಿಷನ್ ಕಾಯಿಲಿಗೆ ಸುರಿಯುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಎಚ್.ಟಿ. ಕಾಯಿಲ್ ಎಂದು ಕರೆಯುವ ಈ ಭಾಗ ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳಿಸುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ, ಸುತ್ತಿಗೊಂದು ಕಿಡಿ ಕೊಡುವ ಬೈಕಿನಲ್ಲಿ ಇಷ್ಟೆಲ್ಲ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ ನಡೆಯುತ್ತದೆ.

ಈ ಸಾಲನ್ನು ನೆನಪಿಟ್ಟುಕೊಂಡರೆ ರೋಗಲಕ್ಷಣವೇ ಅರ್ಧ ಉತ್ತರ ಹೇಳುತ್ತದೆ. ಪಿಕಪ್ ಮೌನವಾದರೆ ಸಿ.ಡಿ.ಐ. ತುಂಬಿಕೊಂಡಿದ್ದರೂ ಬಾಗಿಲು ತೆರೆಯುವುದೇ ಇಲ್ಲ. ಕಿಡಿ ಕಡಿಮೆಯಾಗುವುದಿಲ್ಲ, ಪೂರ್ತಿ ಮಾಯವಾಗುತ್ತದೆ. ಗಾಡಿ ಕಡಿದಂತೆ ನಿಲ್ಲುವುದು ಅದಕ್ಕೇ. ಎಚ್.ಟಿ. ಕಾಯಿಲಿನ ಒಳಗಿನ ಸುತ್ತುಗಳ ನಡುವೆ ಇನ್ಸುಲೇಷನ್ ಸವೆದಿದ್ದರೆ ಸಾಮಾನ್ಯವಾಗಿ ಕಿಡಿ ಇರುತ್ತದೆ, ಆದರೆ ಸತ್ತ ಕಿಡಿ. ಅಂಥ ಗಾಡಿ ಒಮ್ಮೆಲೇ ನಿಲ್ಲುವುದಕ್ಕಿಂತ ಭಾರ ಬಿದ್ದಾಗ ಮುಗ್ಗರಿಸುವುದೇ ಹೆಚ್ಚು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಇವೆರಡರ ಹಾಗಲ್ಲ. ಅದು ಸ್ವಲ್ಪ ದೂರ ಎಳೆದಾಡುತ್ತ, ಆಕ್ಸಿಲರೇಟರಿಗೆ ಬಗ್ಗದೆ, ನಿಧಾನವಾಗಿ ಸಾಯುತ್ತದೆ.

ಮೂರನೆಯ ಮೇಸ್ತ್ರಿ ನನ್ನ ಕಥೆ ಕೇಳಿ ಸ್ಪ್ಯಾನರ್ ಎತ್ತಲೇ ಇಲ್ಲ. "ನಿಂತ ತಕ್ಷಣ ಕಿಡಿ ನೋಡಿದ್ರಾ?" ಎಂದರು. ಇಲ್ಲ ಎಂದೆ. "ಮತ್ತೆ ಹೆಂಗೆ ಹೇಳೋದು? ಒಂದು ಎಕ್ಸ್‌ಟ್ರಾ ಪ್ಲಗ್ ಇಟ್ಕೊಂಡು ಹೋಗಿ. ನಿಂತ್ರೆ ನೆರಳಿಗೆ ತಳ್ಳಬೇಡಿ, ಅಲ್ಲೇ ನೋಡಿ."

ಹಾಗೇ ಮಾಡಿದೆ. ಮತ್ತೆ ನಿಂತಾಗ ಎಂಜಿನ್ನಿನಲ್ಲಿದ್ದ ಪ್ಲಗ್ಗನ್ನು ಬಿಚ್ಚದೆ ಅದರ ಕ್ಯಾಪನ್ನಷ್ಟೇ ಕಿತ್ತು, ಜೇಬಿನಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿದೆ. ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ ಹೊಡೆದೆ. ಮೂಲ ಪ್ಲಗ್ ಅದರ ಜಾಗದಲ್ಲೇ ಇದ್ದರೆ ಸಿಲಿಂಡರಿನಿಂದ ಪೆಟ್ರೋಲ್ ಆವಿ ಹೊರಗೆ ಬಂದು ಕಿಡಿಗೆ ಸಿಗುವ ಭಯವಿಲ್ಲ. ಪ್ಲಗ್ಗಿನ ಮೈ ತಾಗದೆ ತೂಗಾಡುವಾಗ ಕಿಕ್ ಹೊಡೆಯುವುದು ಮಾತ್ರ ತಪ್ಪು. ಹೊರಬರಲು ದಾರಿ ಸಿಗದ ಹೈವೋಲ್ಟೇಜು ಕಾಯಿಲಿನ ಒಳಗೇ ಇನ್ಸುಲೇಷನ್ ಸೀಳಿಕೊಂಡು ಹೋಗಬಹುದು, ಸಿ.ಡಿ.ಐ.ಗೂ ಪೆಟ್ಟು ಬೀಳಬಹುದು. ಕ್ಯಾಪ್ ಕಿತ್ತಿಟ್ಟು ಗಾಳಿಯಲ್ಲಿ ಕಿಡಿ ಹಾರಿಸಿ ತೋರಿಸುವ ಗ್ಯಾರೇಜಿನ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಕಿಡಿ ಇರಲಿಲ್ಲ. ಅಲ್ಲಿಗೆ ಕಾರ್ಬೊರೇಟರ್ ಪಾಪ ಮುಕ್ತವಾಯಿತು. ಕಿಡಿ ಕಂಡಿದ್ದರೆ ನಾನು ಮಾಡಬೇಕಿದ್ದ ಮುಂದಿನ ಕೆಲಸ ಟ್ಯಾಂಕಿನ ಮುಚ್ಚಳ ತೆರೆಯುವುದು. ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡರೂ ಗಾಡಿ ಹೀಗೇ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಹೀಗೇ ಸ್ಟಾರ್ಟ್ ಆಗುತ್ತದೆ. ಬಿಸಿಯ ರೋಗವೆಂದು ಅದು ಎಷ್ಟೋ ಜನರನ್ನು ಏಮಾರಿಸಿದೆ.

ಮೇಸ್ತ್ರಿ ಸೀಟು ತೆಗೆದು ಸಿ.ಡಿ.ಐ. ಕಪ್ಲರ್ ಕಿತ್ತರು. ಕೀಲಿ ಮತ್ತು ಕಿಲ್ ಸ್ವಿಚ್ಚಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗುತ್ತಿದೆಯೇ ಎಂದು ಮೊದಲು ನೋಡಿದರು. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ವೈರಿನ ಸಿಪ್ಪೆ ಸವೆದು ಈ ತೊಂದರೆ ಬರುವುದುಂಟು. ನನ್ನ ಗಾಡಿಯಲ್ಲಿ ಅದು ಸರಿಯಿತ್ತು. ಆಮೇಲೆ ಪಿಕಪ್ಪಿನ ವೈರಿಗೂ ಅರ್ತಿಗೂ ನಡುವೆ ಮೀಟರ್ ಹಿಡಿದರು. 190 ಓಮ್. ಒಳ್ಳೆಯ ಅಳತೆ. ಇಂಥ ಬೈಕುಗಳಲ್ಲಿ ಇದು ನೂರರಿಂದ ಮುನ್ನೂರರ ಆಸುಪಾಸು ಇರುತ್ತದೆ, ನಿಖರವಾದ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲೇ ಸಿಗಬೇಕು. ಬೇರೆ ಮೇಸ್ತ್ರಿಯಾಗಿದ್ದರೆ 'ಪಿಕಪ್ ಓಕೆ' ಎಂದು ಮೀಟರ್ ಎತ್ತಿಡುತ್ತಿದ್ದರೇನೋ. ಇವರು ಹುಡುಗನನ್ನು ಪಕ್ಕದ ಸಲೂನಿಗೆ ಓಡಿಸಿ ಹೇರ್ ಡ್ರೈಯರ್ ತರಿಸಿದರು.

ಮ್ಯಾಗ್ನೆಟ್ ಕವರ್ ಬಿಚ್ಚಿ ಬಿಸಿಗಾಳಿ ಬಿಡತೊಡಗಿದಾಗ ಮೀಟರಿನ ಅಂಕಿ ಮೆಲ್ಲಗೆ ಏರಿತು. 200, 215, 230. ನಾನು "ಸಿಕ್ತು!" ಎಂದೆ. ಅವರು ನಕ್ಕರು. ತಾಮ್ರ ಬಿಸಿಯಾದರೆ ಅದರ ತಡೆ ಏರುವುದು ಸಹಜ. ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 0.4ರಂತೆ ಲೆಕ್ಕ ಹಾಕಿದರೆ, ಎಪ್ಪತ್ತು ಡಿಗ್ರಿ ಬಿಸಿಗೆ 190 ಎನ್ನುವುದು 240ರ ಮೇಲೆ ಹೋಗಲೇಬೇಕು. ಒಳ್ಳೆಯ ಕಾಯಿಲಿನಲ್ಲೂ ಅಷ್ಟೇ. ಇನ್ನೊಂದೆರಡು ನಿಮಿಷ ಕಳೆಯಿತು. 238 ತೋರಿಸುತ್ತಿದ್ದ ಮೀಟರ್ ಒಮ್ಮೆ ಮಿಟುಕಿ OL ಎಂದಿತು. ತಂತಿ ತುಂಡಾಗಿದೆ, ಕರೆಂಟಿಗೆ ದಾರಿಯೇ ಇಲ್ಲ ಎಂದು ಅದರ ಅರ್ಥ. ಡ್ರೈಯರ್ ನಿಲ್ಲಿಸಿ ಕಾದೆವು. ಟೀ ಬಂದು ಮುಗಿಯುವಷ್ಟರಲ್ಲಿ ಅಂಕಿ ಮತ್ತೆ ಇನ್ನೂರರ ಹತ್ತಿರ ಬಂದು ಕೂತಿತು.

ಒಳಗೆ ನಡೆಯುತ್ತಿದ್ದುದು ಇಷ್ಟು. ಆ ಕೂದಲೆಳೆ ತಂತಿ ಎಲ್ಲೋ ಒಂದು ಕಡೆ, ಬಹುಶಃ ಬೆಸುಗೆಯ ಬುಡದಲ್ಲಿ, ಮುರಿದಿತ್ತು. ತಣ್ಣಗಿರುವಾಗ ಮುರಿದ ಎರಡು ತುದಿಗಳನ್ನು ಸುತ್ತಲಿನ ರಾಳ ಒತ್ತಿ ಹಿಡಿದಿರುತ್ತಿತ್ತು. ಬಿಸಿಗೆ ರಾಳ ಹಿಗ್ಗುವುದೇ ತಾಮ್ರಕ್ಕಿಂತ ಹೆಚ್ಚು. ಹಿಗ್ಗಿದಾಗ ತುದಿಗಳನ್ನು ಕೂದಲಷ್ಟು ದೂರ ಎಳೆಯುತ್ತಿತ್ತು. ಎಳನೀರು ಕುಡಿಯುವ ಹೊತ್ತಿಗೆ ಮತ್ತೆ ಕೂಡಿಸುತ್ತಿತ್ತು.

ಪಿಕಪ್ಪಿಗೆ ಇನ್ನೊಂದು ಬಗೆಯ ಕಾಯಿಲೆಯೂ ಇದೆ. ಸಂದಿ ಹೆಚ್ಚಾಗಿದ್ದರೆ ಅಥವಾ ಮೂತಿಗೆ ಕಬ್ಬಿಣದ ಪುಡಿ ಅಂಟಿಕೊಂಡಿದ್ದರೆ ಅದರ ಚಿಟುಕು ದುರ್ಬಲವಾಗುತ್ತದೆ. ಆ ಚಿಟುಕಿನ ಬಲ ಮ್ಯಾಗ್ನೆಟ್ಟಿನ ವೇಗದೊಂದಿಗೆ ಏರುವುದರಿಂದ, ಅಂಥ ಗಾಡಿ ಕಿಕ್ಕಿಗೆ ಜಗ್ಗುವುದಿಲ್ಲ, ಇಳಿಜಾರಿನಲ್ಲಿ ತಳ್ಳಿ ಗೇರಿಗೆ ಹಾಕಿದರೆ ಹೊರಡುತ್ತದೆ. ಬ್ಯಾಟರಿಯಿಂದ ನಡೆಯುವ ಸಿ.ಡಿ.ಐ. ಇದ್ದು ಬ್ಯಾಟರಿ ಇಳಿದಿದ್ದರೂ ಇದೇ ಲಕ್ಷಣ ಕಾಣಬಹುದು, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳಬೇಕು.

ಸತ್ತ ಕಿಡಿಯ ಉದಾಹರಣೆ ಅದೇ ಗ್ಯಾರೇಜಿನಲ್ಲಿ ನಿಂತಿತ್ತು. ಒಬ್ಬ ಮೇಷ್ಟ್ರ ಬೈಕು, ಒಬ್ಬರೇ ಹೋದರೆ ಸರಿ, ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗದ ಏರು ಹತ್ತಿದರೆ ಪಟಪಟ ಎಂದು ಮಿಸ್ಸಾಗುತ್ತಿತ್ತು. ಹೊರಗೆ ಪ್ಲಗ್ ಹಿಡಿದು ನೋಡಿದರೆ ಕಿಡಿ ಇತ್ತು. ಇಲ್ಲೇ ಅನೇಕರು ಮೋಸ ಹೋಗುವುದು. ಹೊರಗಿನ ಗಾಳಿಯಲ್ಲಿ 0.7 ಮಿ.ಮೀ. ಸಂದಿ ಹಾರಲು ಕೆಲವೇ ಸಾವಿರ ವೋಲ್ಟ್ ಸಾಕು. ಸಿಲಿಂಡರಿನ ಒಳಗೆ ಗಾಳಿ ಒತ್ತಿಕೊಂಡಿರುವುದರಿಂದ ಅದೇ ಸಂದಿಗೆ ಹಲವು ಪಟ್ಟು ಬೇಕು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಒಳಗೆ ಬರುವ ಗಾಳಿ ಹೆಚ್ಚಿ ಒತ್ತಡ ಇನ್ನೂ ಏರುತ್ತದೆ. ಮೇಸ್ತ್ರಿ ಐದಾರು ಮಿಲಿಮೀಟರ್ ಸಂದಿಯಿರುವ ಪರೀಕ್ಷೆಯ ಪ್ಲಗ್ ಹಾಕಿ ನೋಡಿದಾಗ ಮೇಷ್ಟ್ರ ಗಾಡಿಯ ಕಿಡಿ ಹಾರಲೇ ಇಲ್ಲ. ಒಳ್ಳೆಯ ಕಾಯಿಲಾಗಿದ್ದರೆ ನೀಲಿಬಣ್ಣಕ್ಕೆ ಚಟ್ ಎಂದು ಹಾರಬೇಕಿತ್ತು.

ಆದರೂ ಅವರು ನೇರ ಕಾಯಿಲಿಗೆ ಕೈ ಹಾಕಲಿಲ್ಲ. ಷಟರ್ ಅರ್ಧ ಇಳಿಸಿ ಕತ್ತಲು ಮಾಡಿ, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರಿನ ಮೇಲೆ ತೆಳುವಾಗಿ ನೀರು ಚಿಮುಕಿಸಿದರು. ಕ್ಯಾಪಿನ ಬುಡದ ಬಿರುಕಿನಿಂದ ನೀಲಿ ಗೆರೆಯೊಂದು ಎಂಜಿನ್ನಿಗೆ ಹಾರುವುದು ಕಂಡಿತು. ಪ್ಲಗ್ಗಿಗೆ ಹೋಗಬೇಕಾದದ್ದು ಅಲ್ಲೇ ಸೋರಿಹೋಗುತ್ತಿತ್ತು. ಕೆಟ್ಟದ್ದು ಕಾಯಿಲಲ್ಲ, ರಬ್ಬರಿನ ಕ್ಯಾಪು.

ಸಿ.ಡಿ.ಐ. ಕೆಡುವುದೇ ಇಲ್ಲವೆಂದಲ್ಲ. ನೀರು ಹೊಕ್ಕರೆ, ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೆ, ಚಾಸಿಸ್ಸಿಗೆ ವೆಲ್ಡಿಂಗ್ ಮಾಡುವಾಗ ಕಪ್ಲರ್ ಕೀಳದಿದ್ದರೆ ಕೆಡುತ್ತದೆ. ಆದರೆ ರಾಳದಲ್ಲಿ ಹೂತ ಆ ಡಬ್ಬಿಯನ್ನು ಸಾಧಾರಣ ಮೀಟರಿನಿಂದ ಅಳೆದು ತೀರ್ಮಾನಿಸಲು ಬರುವುದಿಲ್ಲ. ಪಿಕಪ್ ಸರಿ, ಕರೆಂಟಿನ ಪೂರೈಕೆ ಸರಿ, ಅರ್ತ್ ಸರಿ, ಕಿಲ್ ವೈರ್ ಸರಿ, ಆದರೂ ಕಾಯಿಲಿಗೆ ಏನೂ ಬರುತ್ತಿಲ್ಲ ಎಂದಾದ ಮೇಲೆಯೇ ಅದರ ಹೆಸರು ಹೇಳಬೇಕು. ನಮ್ಮಲ್ಲಿ ಉಲ್ಟಾ. ಅಳೆಯಲಾಗದ್ದರ ಮೇಲೆ ತಪ್ಪು ಹೊರಿಸುವುದೇ ಸುಲಭ.

2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಿನ ಇಂಜೆಕ್ಷನ್ ಗಾಡಿಗಳಲ್ಲಿ ಈ ಡಬ್ಬಿಯ ಕೆಲಸ ಇ.ಸಿ.ಯು.ಗೆ ಹೋಗಿದೆ. ಪಿಕಪ್ ಮಾತ್ರ ಕ್ರ್ಯಾಂಕ್ ಸೆನ್ಸರ್ ಎಂಬ ಹೆಸರಿನಲ್ಲಿ ಅದೇ ಜಾಗದಲ್ಲಿ, ಅದೇ ಬಿಸಿಯಲ್ಲಿ ಕೂತಿದೆ. ಅದು ಬಿಸಿಗೆ ಬಾಯಿ ಮುಚ್ಚಿದರೆ ಕಿಡಿಯ ಜೊತೆ ಪೆಟ್ರೋಲೂ ನಿಲ್ಲುತ್ತದೆ.

ನನ್ನ ಗಾಡಿಯ ಪಿಕಪ್ ಬಿಡಿಯಾಗಿ ಸಿಗಲಿಲ್ಲ, ಕಾಯಿಲ್ ಪ್ಲೇಟನ್ನು ಪೂರ್ತಿಯಾಗಿ ಬದಲಾಯಿಸಬೇಕಾಯಿತು. ಹೊಸದನ್ನು ಕೂರಿಸಿದ ಮೇಲೆ ಮೇಸ್ತ್ರಿ, ಎರಡನೆಯ ಗ್ಯಾರೇಜಿನವರು ಕಿತ್ತು ಕೊಟ್ಟಿದ್ದ ಹಳೆಯ ಸಿ.ಡಿ.ಐ. ಇದೆಯಾ ಎಂದು ಕೇಳಿದರು. ಸೈಡ್ ಬಾಕ್ಸಿನಲ್ಲಿತ್ತು. ಅದನ್ನೇ ಮತ್ತೆ ಸಿಕ್ಕಿಸಿ ಶಿರಾಕ್ಕೆ ಹೋಗಿಬರಲು ಕಳಿಸಿದರು. ಬಿಸಿಲಲ್ಲಿ ನೂರು ಕಿಲೋಮೀಟರ್ ಓಡಿ ಬಂದೆ, ಒಮ್ಮೆಯೂ ನಿಲ್ಲಲಿಲ್ಲ. ಹೊಸ ಸಿ.ಡಿ.ಐ. ಈಗ ಸೈಡ್ ಬಾಕ್ಸಿನಲ್ಲಿದೆ.