ಬೆಸುಗೆಯ ಪರೀಕ್ಷೆಗೆ ತಕ್ಕ ಕಿರಣ

ಬೆಸುಗೆಯೊಳಗಣ ದೋಷವನ್ನು ಗಾಮಾ ಕಿರಣದಿಂದ ಕಂಡುಹಿಡಿಯುವಲ್ಲಿ, ಉಕ್ಕನ್ನು ಅತ್ಯಂತ ಬಲವಾಗಿ ಭೇದಿಸುವ ಕಿರಣವೇ ಶ್ರೇಷ್ಠವೆಂದೂ, ದೀರ್ಘಕಾಲ ಬಾಳುವ ಐಸೋಟೋಪೇ ಲಾಭದಾಯಕವೆಂದೂ ನಂಬಿದವರು ಅನೇಕರುಂಟು. ಈ ನಂಬಿಕೆಯಂತೆ ನಡೆದರೆ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ, 5.27 ವರ್ಷಗಳ ಅರ್ಧಾಯುಷ್ಯದ ಕೋಬಾಲ್ಟ್-60 ಒಂದೇ ಎಲ್ಲ ಕೆಲಸಕ್ಕೂ ಸಾಕಾಗಬೇಕು. ವಸ್ತುಸ್ಥಿತಿ ಹಾಗಿಲ್ಲ.

ಫಿಲ್ಮಿನ ಮೇಲೆ ದೋಷವು ಕಾಣುವುದು ಕಿರಣವು ಉಕ್ಕನ್ನು ದಾಟಿತೆಂಬ ಮಾತ್ರದಿಂದಲ್ಲ. ದೋಷವಿದ್ದೆಡೆ ಮತ್ತು ಇಲ್ಲದೆಡೆಗಳಲ್ಲಿ ದಾಟಿದ ಪ್ರಮಾಣಗಳ ನಡುವಣ ಅಂತರದಿಂದ. 12 ಮಿ.ಮೀ. ದಪ್ಪದ ಕೊಳವೆಯ ಬೆಸುಗೆಯಲ್ಲಿ ಒಂದು ಮಿ.ಮೀ. ಆಳದ ಟೊಳ್ಳು ಇದೆಯೆಂದು ಭಾವಿಸೋಣ. ಕೋಬಾಲ್ಟಿನ ಕಿರಣವನ್ನು ಅರ್ಧಕ್ಕಿಳಿಸಲು ಸುಮಾರು 22 ಮಿ.ಮೀ. ಉಕ್ಕು ಬೇಕಾದುದರಿಂದ, ಆ ಟೊಳ್ಳಿನ ಕೆಳಗೆ ಫಿಲ್ಮನ್ನು ಸೇರುವ ಕಿರಣ ನೂರಕ್ಕೆ ಮೂರರಷ್ಟು ಮಾತ್ರ ಹೆಚ್ಚು. ಸುಮಾರು 12.5 ಮಿ.ಮೀ. ಉಕ್ಕಿನಲ್ಲಿಯೇ ಅರ್ಧವಾಗುವ ಇರಿಡಿಯಂ-192ರಿಂದ ಅದು ಐದೂವರೆಯಷ್ಟು. ಇನ್ನೂ ಮೃದುವಾದ ಸೆಲೆನಿಯಂ-75ರಿಂದ ಏಳರಷ್ಟು. ಚದುರಿದ ಕಿರಣಗಳು ಈ ಅಂತರಗಳನ್ನೂ ಮಂಕುಗೊಳಿಸುವುದರಿಂದ, ಕೋಬಾಲ್ಟಿನ ಮೂರಂಶ ಬಹುಮಟ್ಟಿಗೆ ಕಣ್ಮರೆಯಾಗುತ್ತದೆ. ಫಿಲ್ಮು ತಕ್ಕಷ್ಟು ಕಪ್ಪಾಗಿದ್ದರೂ ಬೆಸುಗೆಯ ಮೇಲಿಟ್ಟ ಪೆನೆಟ್ರಾಮೀಟರಿನ ಸಣ್ಣ ತಂತಿ ಅದರಲ್ಲಿ ಕಾಣದೆ ಹೋದರೆ, ಅತಿಯಾಗಿ ಭೇದಿಸುವ ಕಿರಣವನ್ನು ಆರಿಸಿದ ತಪ್ಪನ್ನು ಮೊದಲು ಶಂಕಿಸತಕ್ಕದ್ದು; ಅಂಥ ಫಿಲ್ಮನ್ನು ನೋಡಿ ಬೆಸುಗೆ ನಿರ್ದೋಷವೆನ್ನುವುದು ಅಪಾಯಕರ.

ಹಾಗೆಂದು ಕೋಬಾಲ್ಟ್ ನಿಷ್ಪ್ರಯೋಜಕವೆನ್ನಲಾಗದು. 100 ಮಿ.ಮೀ. ಉಕ್ಕನ್ನು ದಾಟಿ ಬರುವುದು ಇರಿಡಿಯಂ ಕಿರಣದ ಇನ್ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಕೋಬಾಲ್ಟಿನದಾದರೋ ಸುಮಾರು ಇಪ್ಪತ್ತಮೂರರಲ್ಲೊಂದು ಪಾಲು. ಆ ದಪ್ಪದಲ್ಲಿ ಅದೇ ಯೋಗ್ಯ.

ಇನ್ನು ಆಯುಷ್ಯದ ಮಾತು. ಇರಿಡಿಯಮ್ಮಿನ ಅರ್ಧಾಯುಷ್ಯ 74 ದಿನ, ಸೆಲೆನಿಯಮ್ಮಿನದು ಸುಮಾರು 120. ಬೇಗನೆ ಕ್ಷಯಿಸುವುದು ದೋಷವೆಂದು ತೋರಿದರೂ, ಅದರೊಡನೆ ಒಂದು ಗುಣವೂ ಕೂಡಿದೆ: ಸಮಾನ ಚಟುವಟಿಕೆಯನ್ನು ಪಡೆಯಲು ಕೋಬಾಲ್ಟಿನಲ್ಲಿ ಇರಿಡಿಯಮ್ಮಿಗಿಂತ ಸುಮಾರು 26 ಪಟ್ಟು ಹೆಚ್ಚು ವಿಕಿರಣಶೀಲ ಪರಮಾಣುಗಳು ಬೇಕಾಗುವುವು. ಇರಿಡಿಯಂ ಎರಡು ಮೂರು ಮಿ.ಮೀ. ಗಾತ್ರದ ಗುಳಿಗೆಯಲ್ಲಿಯೇ ತೀವ್ರವಾದ ಕಿರಣವನ್ನು ಕೊಡಬಲ್ಲುದಾದುದರಿಂದ ಫಿಲ್ಮಿನ ಮೇಲಿನ ನೆರಳಿನ ಅಂಚು ಸ್ಪಷ್ಟವಾಗಿ ಮೂಡುತ್ತದೆ. ದೊಡ್ಡ ಮೂಲವಾದರೆ ಆ ಅಂಚು ಹರಡಿ, ಸೂಕ್ಷ್ಮವಾದ ಬಿರುಕು ಮಸಕಿನಲ್ಲಿ ಅಡಗುವುದು. ಇರಿಡಿಯಮ್ಮಿನ ಕ್ಯಾಮರಾವನ್ನು ಒಬ್ಬನೇ ಎತ್ತಬಹುದು. ಕೋಬಾಲ್ಟಿನದಕ್ಕೆ ನೂರಾರು ಕಿಲೋಗ್ರಾಂ ತೂಕದ ಕವಚವೂ ಗಾಡಿಯೂ ಬೇಕು.

ಇದಕ್ಕೆ ತೆರಬೇಕಾದ ಬೆಲೆ ಲೆಕ್ಕಾಚಾರದ್ದು. ಇರಿಡಿಯಂ ದಿನಕ್ಕೆ ನೂರಕ್ಕೆ ಒಂದರಷ್ಟು ಕುಂದುವುದರಿಂದ, ಇಂದು ನಾಲ್ಕು ನಿಮಿಷದಲ್ಲಿ ಮುಗಿಯುವ ಚಿತ್ರಣಕ್ಕೆ 74 ದಿನಗಳ ತರುವಾಯ ಎಂಟು, 148 ದಿನಗಳ ತರುವಾಯ ಹದಿನಾರು ನಿಮಿಷ ಬೇಕಾಗುವುದು. ಆದಕಾರಣ ಕೆಲಸಗಾರನು ಕ್ಷಯಪಟ್ಟಿಯನ್ನು ನೋಡಿಯೇ ಆ ದಿನದ ಅವಧಿಯನ್ನು ನಿರ್ಣಯಿಸುವನು. ಅವಧಿ ಕಾರ್ಯಕ್ಕೆ ಅಡ್ಡಿಯಾಗುವಷ್ಟು ಬೆಳೆದಾಗ ಹಳೆಯ ಮೂಲವನ್ನು ಒದಗಿಸಿದವರಿಗೇ ಹಿಂತಿರುಗಿಸಿ ಹೊಸದನ್ನು ತರಿಸಿಕೊಳ್ಳುವರು.